ಗೇಮ್ ರಿಸೋರ್ಸ್ ಡೌನ್‌ಲೋಡ್ 71%ಗೆ ಬಂದು ನಿಂತಿದೆ, ನೆಟ್ ಚೆನ್ನಾಗಿಯೇ ಇದೆ

ಬೆಳ್ಳಕ್ಕಿ

ಎಲ್ಲರಿಗೂ ನಮಸ್ಕಾರ. ಹೊಸದಾಗಿ ಒಂದು ಓಪನ್ ವರ್ಲ್ಡ್ ಗೇಮ್ ಹಾಕಿಕೊಂಡೆ. ಸ್ಟೋರ್‌ನಿಂದ ಇಳಿದಾಗ ಚಿಕ್ಕದೇ ಇತ್ತು. ತೆರೆದ ಮೇಲೆ ಒಟ್ಟು 3.8 ಜಿಬಿ ರಿಸೋರ್ಸ್ ಡೌನ್‌ಲೋಡ್ ಮಾಡಬೇಕು ಅಂತ ಕೇಳಿತು, ಸರಿ ಅಂದೆ. ಶುರುವಿನಲ್ಲಿ ಸರಾಗವಾಗಿ ಓಡಿತು. 71% ಆದ ಮೇಲೆ ನಿಂತುಬಿಟ್ಟಿದೆ. ಸ್ವಲ್ಪ ಹೊತ್ತು ಬಿಟ್ಟು "ನೆಟ್‌ವರ್ಕ್ ಸರಿಯಿಲ್ಲ, ಮತ್ತೆ ಪ್ರಯತ್ನಿಸಿ" ಅಂತ ಬರುತ್ತದೆ. ಅದೇ ವೈಫೈನಲ್ಲಿ ವಿಡಿಯೋ ಎಲ್ಲೂ ನಿಲ್ಲದೆ ಓಡುತ್ತಿದೆ. ಆಂಡ್ರಾಯ್ಡ್ 12, 64 ಜಿಬಿ ಫೋನ್. ಜಾಗದ ತೊಂದರೆ ಇರಲಾರದು, ಶುರು ಮಾಡುವ ಮುಂಚೆ 5.1 ಜಿಬಿ ಖಾಲಿ ಇತ್ತು.

ಗುಬ್ಬಿಗೂಡು

ಕ್ಯಾಶ್ ಕ್ಲಿಯರ್ ಮಾಡಿ. ಆಗಲಿಲ್ಲ ಅಂದರೆ ಡೇಟಾ ಕ್ಲಿಯರ್ ಮಾಡಿ, ತೆಗೆದು ಮತ್ತೆ ಹಾಕಿ. ನಾನು ಯಾವಾಗಲೂ ಹೀಗೇ ಮಾಡೋದು, ಹೆಚ್ಚಿನ ಸಲ ಸರಿಹೋಗುತ್ತದೆ.

ಹಳೇರೇಡಿಯೋ

ಸ್ಟೋರ್‌ನಲ್ಲಿ "ಪೆಂಡಿಂಗ್" ಅಂತ ನಿಂತಿದ್ದರೆ ಬೇರೆ ಆ್ಯಪ್‌ಗಳ ಅಪ್‌ಡೇಟ್ ಸರದಿಯಲ್ಲಿ ಇರುತ್ತವೆ. ಅವನ್ನು ರದ್ದು ಮಾಡಿ ನೋಡಿ, ನಿಮ್ಮದು ಮುಂದೆ ಹೋಗುತ್ತದೆ.

ಬೆಳ್ಳಕ್ಕಿ

@ಹಳೇರೇಡಿಯೋ ಸ್ಟೋರ್‌ನದ್ದು ಮುಗಿದಿದೆ ಸರ್. ಇದು ಗೇಮ್ ಒಳಗಿನ ಡೌನ್‌ಲೋಡ್.

@ಗುಬ್ಬಿಗೂಡು ಡೇಟಾ ಕ್ಲಿಯರ್ ಮಾಡಿದರೆ ಇಳಿದಿರುವ 71% ಎಲ್ಲಾ ಹೋಗುತ್ತದೆ ಅಲ್ವಾ?

ತಂತಿಜಾಲ

ಹೋಗುತ್ತದೆ. ದಯವಿಟ್ಟು ಅದನ್ನು ಈಗಲೇ ಮಾಡಬೇಡಿ. ಇಳಿದದ್ದು ಹೋಗುವುದು ಒಂದು ಕಡೆಯಾದರೆ, ಗೆಸ್ಟ್ ಆಗಿ ಆಡುತ್ತಿರುವವರ ಆಟವೇ ಹೋಗಿಬಿಡಬಹುದು. ಗೆಸ್ಟ್ ಖಾತೆಯ ಗುರುತನ್ನು ಎಷ್ಟೋ ಗೇಮ್‌ಗಳು ಫೋನ್‌ನಲ್ಲೇ ಇಟ್ಟಿರುತ್ತವೆ. ಹೊಸಬರಿಗೆ ನಷ್ಟ ಇಲ್ಲ ನಿಜ. ಆದರೆ ದೊಡ್ಡ ಅಪ್‌ಡೇಟ್ ಬಂದಾಗ ಇದೇ ಸ್ಕ್ರೀನ್‌ನಲ್ಲಿ ಸಿಕ್ಕಿಕೊಂಡವರು ಈ ಸಲಹೆ ಕೇಳಿ ಎಲ್ಲಾ ಕಳೆದುಕೊಂಡಿದ್ದನ್ನು ನೋಡಿದ್ದೇನೆ. ಕ್ಯಾಶ್ ಕ್ಲಿಯರ್ ಅಷ್ಟು ಅಪಾಯ ಅಲ್ಲ, ಆದರೂ ಅರ್ಧ ಇಳಿದ ಫೈಲನ್ನು ಕ್ಯಾಶ್‌ನಲ್ಲೇ ಇಡುವ ಗೇಮ್‌ಗಳಿವೆ. ಅಲ್ಲಿ ಅದನ್ನು ಮಾಡಿದರೂ ಸೊನ್ನೆಯಿಂದ ಶುರು.

@ಬೆಳ್ಳಕ್ಕಿ, ಮೂರು ವಿಷಯ ನೋಡಿ ಹೇಳಿ. ಗೇಮ್ ಮುಚ್ಚಿ ತೆರೆದರೆ 71ರಿಂದಲೇ ಶುರುವಾಗುತ್ತದಾ ಅಥವಾ ಹಿಂದೆ ಬೀಳುತ್ತದಾ? ಈಗ ಫೋನ್‌ನಲ್ಲಿ ಖಾಲಿ ಜಾಗ ಎಷ್ಟಿದೆ? ಸೆಟ್ಟಿಂಗ್ಸ್‌ನಲ್ಲಿ ಆ ಗೇಮ್‌ನ ಆ್ಯಪ್ ಮಾಹಿತಿ ತೆರೆದು ಸ್ಟೋರೇಜ್ ಒತ್ತಿದರೆ "ಯೂಸರ್ ಡೇಟಾ" ಎಷ್ಟು ತೋರಿಸುತ್ತದೆ? ಮುಂಚೆ ಎಷ್ಟಿತ್ತು ಅನ್ನುವುದು ಬೇಡ, ಈಗಿನ ಲೆಕ್ಕ ಬೇಕು.

ಚುಕ್ಕಿಗೆರೆ

ನನಗೇನೋ ಫೋನ್‌ನ ಟೈಮ್ ತಪ್ಪಿರಬೇಕು ಅನ್ನಿಸುತ್ತದೆ. ದಿನಾಂಕ ಒಂದು ದಿನ ಹೆಚ್ಚುಕಡಿಮೆ ಆದರೂ ಸರ್ವರ್‌ನ ಸರ್ಟಿಫಿಕೇಟ್ ಫೇಲ್ ಆಗಿ ಏನೂ ಇಳಿಯುವುದಿಲ್ಲ. ಲೈಫ್ ತುಂಬಿಸಿಕೊಳ್ಳೋಕೆ ಅಂತ ಎಷ್ಟೋ ಜನ ದಿನಾಂಕ ಮುಂದೆ ಇಟ್ಟಿರುತ್ತಾರೆ.

ತಂತಿಜಾಲ

@ಚುಕ್ಕಿಗೆರೆ ಅರ್ಧ ಒಪ್ಪುತ್ತೇನೆ. ಸರ್ಟಿಫಿಕೇಟ್‌ಗೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತದೆ. ಫೋನ್‌ನ ದಿನಾಂಕ ಅದರ ಹೊರಗೆ ಬಿದ್ದರೆ ಮಾತ್ರ ಸಂಪರ್ಕ ಮುರಿಯುತ್ತದೆ. 90 ದಿನದ ಸರ್ಟಿಫಿಕೇಟ್ ಈಗ ತುಂಬಾ ಕಡೆ ಇದೆ. ಒಂದು ದಿನ ಮುಂದೆ ಇಟ್ಟರೆ ಬಹುಪಾಲು ಅವಧಿಯ ಒಳಗೇ ಇರುತ್ತೀರಿ. ಹಲವು ತಿಂಗಳು ಅಥವಾ ವರ್ಷ ಹೆಚ್ಚುಕಡಿಮೆ ಆದರೆ ಖಂಡಿತ ಮುರಿಯುತ್ತದೆ. ಬ್ಯಾಟರಿ ಪೂರ್ತಿ ಇಳಿದು ಹಳೇ ವರ್ಷಕ್ಕೆ ಜಾರಿದ ಫೋನ್‌ಗಳಲ್ಲಿ ಹೀಗಾಗುತ್ತದೆ.

ಇನ್ನೊಂದು, ಹಾಗೆ ಮುರಿದರೆ ಶುರುವಿನಲ್ಲೇ ಮುರಿಯುತ್ತದೆ. ಫೈಲ್‌ಗಳ ಪಟ್ಟಿಯೇ ಬರುವುದಿಲ್ಲ, 0%ಗೇ ನಿಂತಿರುತ್ತದೆ. ಇವರದ್ದು 71ರವರೆಗೆ ಬಂದಿದೆ ಅಂದರೆ ಸರ್ವರ್ ಇವರ ಫೋನ್ ಜೊತೆ ಚೆನ್ನಾಗಿಯೇ ಮಾತಾಡಿದೆ. ಹಾಗಾಗಿ ನಾನು ಮೊದಲು ಜಾಗವನ್ನೇ ನೋಡುತ್ತೇನೆ.

ಬೆಳ್ಳಕ್ಕಿ

ನೋಡಿದೆ. ಮುಚ್ಚಿ ತೆರೆದರೂ 71ರಿಂದಲೇ ಶುರು, ಅಲ್ಲೇ ನಿಲ್ಲುತ್ತದೆ. ಖಾಲಿ ಜಾಗ ಈಗ 0.5 ಜಿಬಿ. ಯೂಸರ್ ಡೇಟಾ 4.6 ಜಿಬಿ ಅಂತ ಇದೆ. ಇದೇ ನನಗೆ ಅರ್ಥ ಆಗುತ್ತಿಲ್ಲ. 3.8ರ 71% ಅಂದರೆ 2.7 ಆಗಬೇಕು. 4.6 ಎಲ್ಲಿಂದ ಬಂತು?

ತಂತಿಜಾಲ

ಆ 4.6ರಲ್ಲೇ ಉತ್ತರ ಇದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಇದನ್ನು ಒಮ್ಮೆ ಸರಿಯಾಗಿ ಹೇಳಬೇಕು.

ಗೇಮ್ ತನ್ನ ಸಾಮಾನನ್ನು ಒಂದೇ ದೊಡ್ಡ ಫೈಲ್ ಆಗಿ ತರುವುದಿಲ್ಲ. ನೂರಾರು ಜಿಪ್ ಥರದ ಪ್ಯಾಕ್‌ಗಳಾಗಿ ತರುತ್ತದೆ. ಒಂದೊಂದು ಬಂದ ಹಾಗೆ ಬಿಚ್ಚಿ, ಒಳಗಿನ ಚಿತ್ರ, ಧ್ವನಿ, ಮ್ಯಾಪ್‌ಗಳನ್ನು ಬೇರೆ ಫೋಲ್ಡರ್‌ನಲ್ಲಿ ಬರೆಯುತ್ತದೆ. ಬಿಚ್ಚಿದ ತಕ್ಷಣ ಪ್ಯಾಕ್ ಅಳಿಸುವ ಗೇಮ್‌ಗಳಿವೆ. ಎಲ್ಲಾ ಮುಗಿದು, ಸರಿಯಾಗಿದೆಯಾ ಅಂತ ಪರೀಕ್ಷೆ ಆದ ಮೇಲೆ ಒಟ್ಟಿಗೆ ಅಳಿಸುವ ಗೇಮ್‌ಗಳೂ ಇವೆ. ನಿಮ್ಮದು ಎರಡನೇ ಜಾತಿ. ಮೂಟೆ ಬಿಚ್ಚಿ ಸಾಮಾನು ಹರಡಿದ ಮೇಲೂ ಮೂಟೆ ತುಂಬಿದ ಹಾಗೇ ಪಕ್ಕದಲ್ಲಿ ಕೂತಿದೆ ಅಂದುಕೊಳ್ಳಿ.

ಈಗ ನಿಮ್ಮ ಲೆಕ್ಕ. ಇಳಿದ ಪ್ಯಾಕ್‌ಗಳು 2.7 ಜಿಬಿ. ಯೂಸರ್ ಡೇಟಾದಲ್ಲಿ ಉಳಿದ 1.9 ಜಿಬಿ, ಇಲ್ಲಿಯವರೆಗೆ ಬಿಚ್ಚಿದ ಫೈಲ್‌ಗಳು. ಶುರುವಿನ 5.1ರಲ್ಲಿ 4.6 ಕಳೆದರೆ 0.5. ಸರಿಯಾಗಿ ನಿಮಗೆ ಕಾಣುತ್ತಿರುವ ಸಂಖ್ಯೆ.

ನಿಂತಿರುವುದು ಸೊನ್ನೆಗೆ ಅಲ್ಲ, ಅರ್ಧ ಜಿಬಿಗೆ. ಅದೂ ಕಾಕತಾಳೀಯ ಅಲ್ಲ. ಒಟ್ಟು ಸ್ಟೋರೇಜಿನ 5% ಅಥವಾ 500 ಎಂಬಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಆಂಡ್ರಾಯ್ಡ್ "ಜಾಗ ಕಡಿಮೆ" ಗಡಿ ಅಂತ ಇಟ್ಟುಕೊಂಡಿರುತ್ತದೆ. ಫೋನ್ ಕಂಪನಿ ಅದನ್ನು ಬದಲಿಸಿರದಿದ್ದರೆ 64 ಜಿಬಿ ಫೋನ್‌ನಲ್ಲಿ ಅದು 500 ಎಂಬಿ. ಎಚ್ಚರಿಕೆಯಿಂದ ಬರೆದ ಗೇಮ್‌ಗಳು ಆ ಸುಮಾರಿಗೆ ತಾವೇ ಬರೆಯುವುದನ್ನು ನಿಲ್ಲಿಸುತ್ತವೆ. ಹಾಗೆ ನಿಂತಾಗ ಪರದೆ ಮೇಲೆ "ಜಾಗ ಸಾಲದು" ಅಂತಲೇ ತೋರಿಸಬೇಕಿತ್ತು. ಯಾವ ಕಾರಣಕ್ಕೆ ನಿಂತರೂ "ನೆಟ್‌ವರ್ಕ್ ಸರಿಯಿಲ್ಲ" ಅಂತ ಒಂದೇ ಮಾತು ತೋರಿಸುವುದು ಸರಿಯಲ್ಲ. ಜನ ಸುಮ್ನೆ ರೌಟರ್ ಆಫ್ ಆನ್ ಮಾಡುತ್ತಾ ಕೂರುತ್ತಾರೆ.

ಎಷ್ಟು ಜಾಗ ಬೇಕು? ಪ್ಯಾಕ್‌ಗಳು 3.8, ಬಿಚ್ಚಿದ್ದು ಸುಮಾರು 4, ಒಟ್ಟು 8ರ ಹತ್ತಿರ. 4.6 ಈಗಾಗಲೇ ಬಂದಿದೆ. ಇನ್ನು 3.4 ಬೇಕು, ಜೊತೆಗೆ ಆ ಅರ್ಧ ಜಿಬಿ ಮುಟ್ಟದೆ ಉಳಿಯಬೇಕು. ಖಾಲಿ ಜಾಗ 4 ಜಿಬಿಗಿಂತ ಜಾಸ್ತಿ ತೋರಿಸುವ ಹಾಗೆ ಮಾಡಿ. ಆಮೇಲೆ ಗೇಮ್ ತೆರೆದರೆ 71ರಿಂದಲೇ ಮುಂದೆ ಹೋಗಬೇಕು.

ಗುಬ್ಬಿಗೂಡು

ಅದಕ್ಕಿಂತ ಒಂದು ಎಸ್‌ಡಿ ಕಾರ್ಡ್ ಹಾಕಿದರೆ ಮುಗಿಯಿತಲ್ವಾ?

ತಂತಿಜಾಲ

ಕಾರ್ಡ್ ಹಾಕಿದ ಮಾತ್ರಕ್ಕೆ ಗೇಮ್ ಅದರಲ್ಲಿ ಬರೆಯುವುದಿಲ್ಲ. ಇಂಥ ದೊಡ್ಡ ಗೇಮ್‌ಗಳು ಬಹುಪಾಲು ಒಳಗಿನ ಸ್ಟೋರೇಜ್‌ಗೇ ಬರೆಯುತ್ತವೆ. ಆದರೆ ಫೋಟೋ, ವಿಡಿಯೋಗಳನ್ನು ಕಾರ್ಡ್‌ಗೆ ಸಾಗಿಸಿದರೆ ಒಳಗೆ ಜಾಗ ಆಗುತ್ತದೆ. ಆ ಮಟ್ಟಿಗೆ ನಿಮ್ಮ ಮಾತು ಉಪಯೋಗಕ್ಕೆ ಬರುತ್ತದೆ.

ಬೆಳ್ಳಕ್ಕಿ

ಲೆಕ್ಕ ನೋಡಿ ನಿಜಕ್ಕೂ ಖುಷಿಯಾಯಿತು, ತುಂಬಾ ಧನ್ಯವಾದ. ಆದರೆ ಹೊಸ ತಲೆನೋವು. ಹಳೇ ವಿಡಿಯೋಗಳನ್ನು ಗ್ಯಾಲರಿಯಿಂದ ಅಳಿಸಿದೆ, ಎಲ್ಲಾ ಸೇರಿ 4 ಜಿಬಿಯಷ್ಟು. ಖಾಲಿ ಜಾಗ ಇನ್ನೂ 0.5 ಅಂತಲೇ ತೋರಿಸುತ್ತಿದೆ. ಫೋನ್ ರೀಸ್ಟಾರ್ಟ್ ಮಾಡಿದರೂ ಅಷ್ಟೇ.

ರಾತ್ರಿಪಾಳಿ

ಗ್ಯಾಲರಿಯ ಟ್ರ್ಯಾಶ್ ನೋಡಿ. ಅಳಿಸಿದ್ದು ಅಲ್ಲಿ ಸಾಮಾನ್ಯವಾಗಿ 30 ದಿನ ಕೂತಿರುತ್ತದೆ. ಅಲ್ಲಿಂದಲೂ ಖಾಲಿ ಮಾಡಿದರೆ ಮಾತ್ರ ಜಾಗ ವಾಪಸ್. ಫೈಲ್ ಮ್ಯಾನೇಜರ್‌ಗೆ ಬೇರೆಯದೇ ಟ್ರ್ಯಾಶ್ ಇರಬಹುದು, ಅದನ್ನೂ ನೋಡಿ.

ಇಲ್ಲೇ ನನ್ನದೂ ಒಂದು ಕೇಳುತ್ತೇನೆ. ನನ್ನ ಗೇಮ್ 42, 43 ಆಗುತ್ತದೆ, ಮತ್ತೆ 42ಕ್ಕೆ ಬರುತ್ತದೆ. ರಾತ್ರಿಯೆಲ್ಲಾ ಬಿಟ್ಟರೂ ಮುಂದೆ ಹೋಗಲ್ಲ. ಜಾಗ ಬೇಕಾದಷ್ಟಿದೆ, 30 ಜಿಬಿ ಖಾಲಿ. ಮೊಬೈಲ್ ಡೇಟಾ.

ತಂತಿಜಾಲ

ಮುಂದೆ ಹೋಗಿ ಹಿಂದೆ ಬೀಳುವುದು ನೆಟ್ ನಿಧಾನ ಆಗಿರುವ ಗುರುತು. ದಿನದ ಡೇಟಾ ಮಿತಿ ಮುಗಿದ ಮೇಲೆ ನಿಮ್ಮ ಪ್ಲಾನ್‌ನಲ್ಲಿ ವೇಗ ಎಷ್ಟಕ್ಕೆ ಇಳಿಯುತ್ತದೆ?

ರಾತ್ರಿಪಾಳಿ

64 ಕೆಬಿಪಿಎಸ್ ಅಂತ ಇದೆ. ಹೌದು, ಆ ಹೊತ್ತಿಗೆ ದಿನದ ಮಿತಿ ಮುಗಿದಿರುತ್ತದೆ. ಆದರೆ ಮೆಸೇಜ್ ಎಲ್ಲಾ ಹೋಗುತ್ತದೆ, ಬರುತ್ತದೆ.

ತಂತಿಜಾಲ

ಮೆಸೇಜ್‌ಗೆ ಅಷ್ಟು ಸಾಕು. 64 ಕಿಲೋಬಿಟ್ ಅಂದರೆ ಸೆಕೆಂಡಿಗೆ 8 ಕಿಲೋಬೈಟ್ ಮಾತ್ರ. ಒಂದು ಎಂಬಿ ಇಳಿಯಲು ಎರಡು ನಿಮಿಷ ಬೇಕು. ಗೇಮ್‌ನ ಒಂದು ಪ್ಯಾಕ್ 20 ಎಂಬಿ ಇದ್ದರೆ ಅದೊಂದಕ್ಕೇ ಮುಕ್ಕಾಲು ಗಂಟೆ. ಗೇಮ್ ಅಷ್ಟು ಹೊತ್ತು ಕಾಯುವುದಿಲ್ಲ, ನಡುವೆ ಕೈಬಿಟ್ಟು ಆ ಪ್ಯಾಕನ್ನು ಮೊದಲಿಂದ ಶುರು ಮಾಡುತ್ತದೆ. ನೀವು ನೋಡುತ್ತಿರುವ 42, 43, 42 ಅದೇ. ಮರುದಿನದ ಮಿತಿ ಶುರುವಾದ ತಕ್ಷಣ ಹಚ್ಚಿ, ಅಥವಾ ಎಲ್ಲಾದರೂ ವೈಫೈ ಸಿಕ್ಕಾಗ ಮುಗಿಸಿ.

ಡೇಟಾ ಸೇವರ್ ಆನ್ ಇದ್ದರೆ ಇನ್ನೊಂದು ಸಿಕ್ಕು. ಗೇಮ್ ಪರದೆ ಮೇಲೆ ಇರುವವರೆಗೆ ಇಳಿಯುತ್ತದೆ. ನೀವು ಬೇರೆ ಆ್ಯಪ್‌ಗೆ ಹೋದರೆ ಅಥವಾ ಸ್ಕ್ರೀನ್ ಆರಿದರೆ ನಿಲ್ಲುತ್ತದೆ. ರಾತ್ರಿ ಇಟ್ಟು ಮಲಗಿದವರಿಗೆ ಬೆಳಗ್ಗೆ ಏನೂ ಆಗಿರುವುದಿಲ್ಲ.

ಮಂಜಿನಹನಿ

ಅಣ್ಣಾ, ನನ್ನದು 0%. ನೀವು ಮೇಲೆ ಬರೆದದ್ದನ್ನು ಓದಿ ದಿನಾಂಕ ನೋಡಿದೆ. ದಿನಾಂಕ ಸರಿ ಇದೆ, ಗಡಿಯಾರ ಗೋಡೆಯ ಗಡಿಯಾರದ ಜೊತೆ ನಿಮಿಷಕ್ಕೆ ನಿಮಿಷ ಹೊಂದುತ್ತದೆ. ಬ್ರೌಸರ್‌ನಲ್ಲಿ ಎಲ್ಲಾ ಸೈಟ್ ತೆರೆಯುತ್ತವೆ. ಗೇಮ್ ಮಾತ್ರ "ಅಪ್‌ಡೇಟ್ ಪರೀಕ್ಷಿಸುತ್ತಿದೆ 0%" ಅಂತ ತಿರುಗುತ್ತಲೇ ಇರುತ್ತದೆ. ಟ್ಯಾಬ್, ಬರೀ ವೈಫೈ, ಸಿಮ್ ಇಲ್ಲ. ನನ್ನ ಫೋನ್‌ನಲ್ಲಿ ಅದೇ ವೈಫೈನಲ್ಲಿ ಅದೇ ಗೇಮ್ ನಡೆಯುತ್ತದೆ.

ಚುಕ್ಕಿಗೆರೆ

ಬ್ರೌಸರ್‌ನಲ್ಲಿ ಸೈಟ್ ತೆರೆಯುತ್ತಿದ್ದರೆ ಟೈಮ್ ಸರಿ ಇದೆ ಅಂತಲೇ ಅರ್ಥ. ದಿನಾಂಕ ತಪ್ಪಿದ್ದರೆ ಕ್ರೋಮ್‌ನಲ್ಲಿ `Your clock is ahead` ಅಥವಾ `Your clock is behind` ಅಂತ ಬರುತ್ತದೆ, ಕೆಳಗೆ `NET::ERR_CERT_DATE_INVALID` ಅಂತ ಇರುತ್ತದೆ. ನಿಮಗೆ ಅದು ಬಂದಿಲ್ಲ. ಹಾಗಾಗಿ ಟೈಮ್ ಬಿಟ್ಟು ಬೇರೆ ನೋಡಿ.

ತಂತಿಜಾಲ

ಬ್ರೌಸರ್ ಪರೀಕ್ಷೆ ಒಳ್ಳೆಯದು, ಎಲ್ಲರೂ ಮೊದಲು ಅದನ್ನೇ ಮಾಡಲಿ. ಆದರೆ ಅದು ಹಿಡಿಯುವುದು ದೊಡ್ಡ ತಪ್ಪನ್ನು. ಕೆಲವು ಗಂಟೆಯ ತಪ್ಪು ಅದರ ಕಣ್ಣಿಗೆ ಬೀಳದೆ ಹೋಗಬಹುದು.

@ಮಂಜಿನಹನಿ, ಸಿಮ್ ಇಲ್ಲದ ಟ್ಯಾಬ್ ಅಂದಿರಿ, ಅದಕ್ಕೇ ಕೇಳುತ್ತೇನೆ. ದಿನಾಂಕ ಮತ್ತು ಸಮಯದ ಸೆಟ್ಟಿಂಗ್‌ನಲ್ಲಿ ಟೈಮ್ ಝೋನ್ ಏನು ಅಂತ ಇದೆ? ಸಮಯ ತಾನಾಗಿ ಬರುತ್ತಿದೆಯಾ ಅಥವಾ ಕೈಯಿಂದ ಇಟ್ಟಿದ್ದೀರಾ?

ಮಂಜಿನಹನಿ

GMT+00:00 ಅಂತ ಇದೆ. ರೀಸೆಟ್ ಮಾಡಿದ ಮೇಲೆ ಗಡಿಯಾರ ತಪ್ಪು ತೋರಿಸುತ್ತಿತ್ತು. ಅಕ್ಕ ಆಟೋಮ್ಯಾಟಿಕ್ ಆಫ್ ಮಾಡಿ ಕೈಯಿಂದ ಸರಿ ಮಾಡಿದ್ದಳು.

ತಂತಿಜಾಲ

ಹಾಗಾದರೆ ಸಿಕ್ಕಿತು ಅಂತ ನನ್ನ ನಂಬಿಕೆ.

ಪರದೆ ಮೇಲೆ ಕಾಣುವ ಸಮಯ ಬೇರೆ, ಟ್ಯಾಬ್ ಒಳಗೆ ಲೆಕ್ಕಕ್ಕೆ ಇಟ್ಟುಕೊಳ್ಳುವ ಸಮಯ ಬೇರೆ. ಒಳಗೆ ಯಾವಾಗಲೂ ಯುಟಿಸಿ ಲೆಕ್ಕ. ಅದಕ್ಕೆ ಟೈಮ್ ಝೋನ್ ಸೇರಿಸಿ ಪರದೆಗೆ ತೋರಿಸುತ್ತದೆ. ನೀವಿರುವ ಜಾಗ ಯುಟಿಸಿಗಿಂತ 4 ಗಂಟೆ ಮುಂದೆ ಅಂತ ಇಟ್ಟುಕೊಳ್ಳಿ. ಸಂಜೆ 6 ಗಂಟೆ ಆಗಿದ್ದರೆ ಒಳಗೆ ಮಧ್ಯಾಹ್ನ 2 ಇರಬೇಕು. ಝೋನ್ ಸೊನ್ನೆಯಲ್ಲೇ ಇದ್ದು ಕೈಯಿಂದ 6 ಅಂತ ಇಟ್ಟರೆ, ಒಳಗೂ 6 ಆಗಿಬಿಡುತ್ತದೆ. ಕಾಣುವುದು ಸರಿ, ಒಳಗೆ 4 ಗಂಟೆ ಮುಂದೆ.

ಸರ್ಟಿಫಿಕೇಟ್‌ನ ಅವಧಿ ತಿಂಗಳುಗಟ್ಟಲೆ ಇರುತ್ತದೆ, 4 ಗಂಟೆ ಅದಕ್ಕೆ ಲೆಕ್ಕಕ್ಕಿಲ್ಲ. ಹಾಗಾಗಿ ಬ್ರೌಸರ್ ಸುಮ್ಮನಿರುತ್ತದೆ. ಆದರೆ ಕೆಲವು ಗೇಮ್‌ಗಳು ಫೈಲ್ ಪಟ್ಟಿ ಕೇಳುವಾಗ ತಮ್ಮ ಸಮಯವನ್ನೂ ಬರೆದು ಸಹಿ ಹಾಕಿ ಕಳಿಸುತ್ತವೆ. ಸರ್ವರ್ ಅದನ್ನು ತನ್ನ ಗಡಿಯಾರದ ಜೊತೆ ಹೋಲಿಸುತ್ತದೆ. ಅಲ್ಲಿ ಸಿಗುವ ಸಡಿಲ ತುಂಬಾ ಕಮ್ಮಿ. ಅಮೆಜಾನ್‌ನ ಎಸ್3 ಸ್ಟೋರೇಜ್‌ಗೆ ಹೀಗೆ ಸಹಿ ಹಾಕಿ ಕೇಳಿದರೆ 15 ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದಾಗ ನಿರಾಕರಿಸುತ್ತದೆ. ಗೇಮ್ ಮತ್ತೆ ಕೇಳುತ್ತದೆ, ಮತ್ತೆ ನಿರಾಕರಣೆ. ನಿಮಗೆ ಕಾಣುವುದು 0%.

ಗಡಿಯಾರದ ಆ್ಯಪ್‌ನಲ್ಲಿ ವರ್ಲ್ಡ್ ಕ್ಲಾಕ್ ತೆರೆದು ದೂರದ ಯಾವುದಾದರೂ ನಗರ ಸೇರಿಸಿ. ಅದೇ ನಗರದ ಸಮಯವನ್ನು ಇಂಟರ್ನೆಟ್‌ನಲ್ಲಿ ಹುಡುಕಿ. ಎರಡೂ ಬೇರೆ ಬಂದರೆ ಒಳಗಿನ ಲೆಕ್ಕ ತಪ್ಪಿದೆ ಅಂತ ಖಚಿತ.

ಸರಿ ಮಾಡುವಾಗ ಮೊದಲು ಟೈಮ್ ಝೋನ್ ಅನ್ನು ನಿಮ್ಮ ಜಾಗದ್ದಕ್ಕೆ ಕೈಯಿಂದ ಇಡಿ. ಆಮೇಲೆ `Set time automatically` ಆನ್ ಮಾಡಿ. ಸಿಮ್ ಇಲ್ಲದ ಟ್ಯಾಬ್ ವೈಫೈನಿಂದ ಸಮಯ ತೆಗೆದುಕೊಳ್ಳುತ್ತದೆ, ಆದರೆ ಝೋನ್ ಅದಕ್ಕೆ ತಾನಾಗಿ ತಿಳಿಯದೆ ಇರಬಹುದು. ರೀಸೆಟ್ ಆದ ಮೇಲೆ ಗಡಿಯಾರ ತಪ್ಪು ತೋರಿಸಿದ್ದು ಬಹುಶಃ ಇದಕ್ಕೇ. ಆಮೇಲೆ ಗೇಮ್‌ಗೆ ಫೋರ್ಸ್ ಸ್ಟಾಪ್ ಕೊಟ್ಟು ತೆರೆಯಿರಿ.

ಮಂಜಿನಹನಿ

ಹೌದು ಅಣ್ಣಾ! ವರ್ಲ್ಡ್ ಕ್ಲಾಕ್ ಪೂರ್ತಿ ತಪ್ಪು ತೋರಿಸುತ್ತಿತ್ತು. ಝೋನ್ ಬದಲಿಸಿ ಆಟೋಮ್ಯಾಟಿಕ್ ಮಾಡಿದೆ. ಗೇಮ್ ತೆರೆದ ಕೂಡಲೇ ಫೈಲ್‌ಗಳ ಪಟ್ಟಿ ಬಂತು, ಈಗ 12% ಆಗಿದೆ. ಅಕ್ಕನಿಗೂ ತೋರಿಸಿದೆ. ತುಂಬಾ ಥ್ಯಾಂಕ್ಸ್.

ಚುಕ್ಕಿಗೆರೆ

ಝೋನ್ ವಿಷಯ ನನಗೆ ಹೊಳೆದಿರಲಿಲ್ಲ, ಒಳ್ಳೆಯ ಮಾಹಿತಿ. ಐಫೋನ್‌ನಲ್ಲಿ ಜಾಗ ಮಾಡಲು "ಆಫ್‌ಲೋಡ್ ಆ್ಯಪ್" ಅಂತ ಇದೆಯಲ್ಲ, ಸಿಕ್ಕಿಕೊಂಡ ಗೇಮ್‌ಗೇ ಅದನ್ನು ಮಾಡಿದರೆ ಆಗುತ್ತದಾ?

ತಂತಿಜಾಲ

ಅದರಿಂದ ಹೆಚ್ಚು ಜಾಗ ಸಿಗುವುದಿಲ್ಲ. ಆಫ್‌ಲೋಡ್ ಮಾಡಿದರೆ ಆ್ಯಪ್ ಮಾತ್ರ ಹೋಗುತ್ತದೆ, ಅದರ ಡಾಕ್ಯುಮೆಂಟ್ಸ್ ಮತ್ತು ಡೇಟಾ ಹಾಗೇ ಉಳಿಯುತ್ತದೆ. ಗೇಮ್ ತಂದುಕೊಂಡ ರಿಸೋರ್ಸ್ ಸಾಮಾನ್ಯವಾಗಿ ಆ ಡೇಟಾದಲ್ಲೇ ಇರುತ್ತದೆ. ಬೇರೆ ಏನಾದರೂ ತೆಗೆದು ಜಾಗ ಮಾಡಿ.

ಕೆಂಜಿರುವೆ

ನನ್ನದು ಈ ಯಾವುದಕ್ಕೂ ಹೊಂದುವುದಿಲ್ಲ ಅನ್ನಿಸುತ್ತದೆ. ಹಾಸ್ಟೆಲ್ ವೈಫೈ. 3%ಗೆ ನಿಲ್ಲುತ್ತದೆ, ಹಿಂದೆಯೂ ಬೀಳುವುದಿಲ್ಲ. ಜಾಗ 20 ಜಿಬಿ ಖಾಲಿ, ಸಮಯ ಮತ್ತು ಝೋನ್ ಎರಡೂ ಆಟೋಮ್ಯಾಟಿಕ್, ವರ್ಲ್ಡ್ ಕ್ಲಾಕ್ ಸರಿ ಇದೆ. ಮೊಬೈಲ್ ಡೇಟಾಗೆ ಬದಲಿಸಿದರೆ ಅದೇ ಕ್ಷಣ 3ರಿಂದ ಮುಂದೆ ಓಡುತ್ತದೆ. ಆದರೆ ನನ್ನ ಡೇಟಾ ಅಷ್ಟಕ್ಕೆ ಸಾಲದು.

ಗುಬ್ಬಿಗೂಡು

ವಿಪಿಎನ್ ಹಾಕಿ, ಕೆಲಸ ಮುಗಿಯಿತು.

ತಂತಿಜಾಲ

ಹಾಸ್ಟೆಲ್‌ನವರ ನಿಯಮ ಏನಿದೆ ಅಂತ ತಿಳಿಯದೆ ವಿಪಿಎನ್ ಹಾಕಿ ಅಂತ ನಾನು ಹೇಳುವುದಿಲ್ಲ. ಮೊದಲು ಕಾರಣ ಹುಡುಕೋಣ.

ಗೇಮ್ ಲಾಗಿನ್‌ಗೆ ಹೋಗುವ ಸರ್ವರ್ ಬೇರೆ, ದೊಡ್ಡ ಫೈಲ್ ಕೊಡುವ ಸರ್ವರ್ ಬೇರೆ. ಎರಡನೆಯದನ್ನು ಮಾತ್ರ ಆ ವೈಫೈನಲ್ಲಿ ತಡೆದಿದ್ದರೆ ಹೀಗೇ ಶುರುವಿನಲ್ಲೇ ನಿಲ್ಲಬಹುದು. ನಿಮ್ಮ ಫೋನ್‌ನಲ್ಲಿ ಪ್ರೈವೇಟ್ ಡಿಎನ್‌ಎಸ್ ಹಾಕಿದ್ದೀರಾ? ಜಾಹೀರಾತು ತಡೆಯುವಂಥದ್ದು ಇದ್ದರೆ, ಕೆಲವು ಸಲ ಗೇಮ್‌ನ ಫೈಲ್ ಸರ್ವರನ್ನೂ ತಡೆಯುತ್ತದೆ. ಆದರೆ ಅದು ಮೊಬೈಲ್ ಡೇಟಾದಲ್ಲೂ ತಡೆಯಬೇಕಿತ್ತು, ಹಾಗಾಗಿ ನನಗೆ ಅಷ್ಟು ನಂಬಿಕೆ ಇಲ್ಲ. ಆದರೂ ಆಫ್ ಮಾಡಿ ನೋಡಿ. ಆ ವೈಫೈನ ವಿವರ ತೆರೆದು, ಅದು ಮೀಟರ್ಡ್ ಅಂತ ಇದ್ದರೆ `Treat as unmetered` ಆರಿಸಿ. ಮೀಟರ್ಡ್ ವೈಫೈ ಅನ್ನು ಮೊಬೈಲ್ ಡೇಟಾ ಥರ ನೋಡುವ ಗೇಮ್‌ಗಳಿವೆ, ಅನುಮತಿ ಕೊಡುವವರೆಗೆ ಕಾಯುತ್ತವೆ.

ಕೆಂಜಿರುವೆ

ಪ್ರೈವೇಟ್ ಡಿಎನ್‌ಎಸ್ ಆಫ್ ಮಾಡಿದೆ, ಮೀಟರ್ಡ್ ಬದಲಿಸಿದೆ, ಇನ್ನೂ 3%. ರೂಮ್‌ಮೇಟ್ ಫೋನ್‌ನಲ್ಲಿ ಬೇರೆ ಗೇಮ್‌ನ ದೊಡ್ಡ ಅಪ್‌ಡೇಟ್ ಇದೇ ವೈಫೈನಲ್ಲಿ ಇಳಿದಿದೆ. ಅಂದರೆ ದೊಡ್ಡ ಫೈಲ್ ಎಲ್ಲವನ್ನೂ ತಡೆದಿಲ್ಲ.

ತಂತಿಜಾಲ

ಒಳ್ಳೆಯ ಸುಳಿವು. ರೂಮ್‌ಮೇಟ್ ಫೋನ್‌ನಲ್ಲಿ ನಿಮ್ಮ ಗೇಮನ್ನೇ ಹಾಕಿ ನೋಡಲು ಆಗುತ್ತದಾ? ಅಲ್ಲೂ 3%ಗೆ ನಿಂತರೆ ವೈಫೈ ಕಡೆಯದು. ಆಗ ಗೇಮ್‌ನ ಹೆಸರು, ನಿಂತ ಹೊತ್ತು ಬರೆದು ಹಾಸ್ಟೆಲ್ ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ಕೊಡಿ, ಅವರ ಲಾಗ್‌ನಲ್ಲಿ ಯಾವ ವಿಳಾಸ ತಡೆದಿದೆ ಅಂತ ಕಾಣುತ್ತದೆ. ಅಲ್ಲಿ ಓಡಿದರೆ ನಿಮ್ಮ ಫೋನ್ ಕಡೆ ಇನ್ನೂ ಹುಡುಕಬೇಕು.

ಬೆಳ್ಳಕ್ಕಿ

ನನ್ನದು ಆಯಿತು! ಟ್ರ್ಯಾಶ್ ಖಾಲಿ ಮಾಡಿದ ತಕ್ಷಣ ಖಾಲಿ ಜಾಗ 4.6 ಜಿಬಿ ತೋರಿಸಿತು. ಗೇಮ್ ತೆರೆದೆ, 71ರಿಂದಲೇ ಹೊರಟಿತು. 100% ಆದ ಮೇಲೆ "ಫೈಲ್ ಸಿದ್ಧವಾಗುತ್ತಿದೆ" ಅಂತ ತುಂಬಾ ಹೊತ್ತು ನಿಂತಿತ್ತು, ಮತ್ತೆ ಸಿಕ್ಕಿಕೊಂಡಿತೇನೋ ಅಂದುಕೊಂಡೆ. ಸ್ಟೋರೇಜ್ ನೋಡಿದರೆ ಖಾಲಿ ಜಾಗ ಸ್ವಲ್ಪ ಸ್ವಲ್ಪವೇ ಇಳಿಯುತ್ತಿತ್ತು, ಅಂದರೆ ಬಿಚ್ಚುತ್ತಿದೆ ಅಂತ ಬಿಟ್ಟೆ. ಮುಗಿದ ಮೇಲೆ ಯೂಸರ್ ಡೇಟಾ 4.1ಕ್ಕೆ ಬಂದಿದೆ. ಮುಂದಿನ ಅಪ್‌ಡೇಟ್‌ಗೂ ಮತ್ತೆ 8 ಜಿಬಿ ಬೇಕಾ?

ತಂತಿಜಾಲ

ಸಾಮಾನ್ಯವಾಗಿ ಬೇಡ. ಅಪ್‌ಡೇಟ್‌ನಲ್ಲಿ ಬದಲಾದ ಪ್ಯಾಕ್‌ಗಳು ಮಾತ್ರ ಬರುತ್ತವೆ. ಗೇಮ್ ತೋರಿಸುವ ಅಳತೆಯ ಎರಡರಷ್ಟು, ಮೇಲೆ ಅರ್ಧ ಜಿಬಿ ಇಟ್ಟುಕೊಂಡು ಒತ್ತಿ. ನಿಂತಿದೆ ಅನ್ನಿಸಿದಾಗ ಈಗ ಮಾಡಿದ ಹಾಗೆ ಖಾಲಿ ಜಾಗ ಇಳಿಯುತ್ತಿದೆಯಾ ಅಂತ ನೋಡಿದ್ದು ತುಂಬಾ ಸರಿಯಾದ ಕೆಲಸ.

ರಾತ್ರಿಪಾಳಿ

ಬೆಳಗ್ಗೆ ಹೊಸ ಮಿತಿ ಬಂದ ಮೇಲೆ ಹಚ್ಚಿದೆ, 42 ದಾಟಿ 60ಕ್ಕೆ ಬಂತು. ಅಷ್ಟರಲ್ಲಿ ಇವತ್ತಿನ ಡೇಟಾ ಮುಗಿಯಿತು. ಉಳಿದದ್ದು ನಾಳೆ.

ಕೆಂಜಿರುವೆ

ರೂಮ್‌ಮೇಟ್ ಫೋನ್‌ನಲ್ಲಿ ಹಾಕಿದೆವು. ಅವನದ್ದು 3%ಗೆ ನಿಲ್ಲಲಿಲ್ಲ, ಆದರೆ 9%ಗೆ ನಿಂತಿದೆ. ಇದಕ್ಕೆ ಏನು ಅಂತ ಹೇಳೋದು? ಎರಡೂ ಫೋನ್‌ನ ಸ್ಕ್ರೀನ್‌ಶಾಟ್ ಜೊತೆ ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ಬರೆಯುತ್ತಿದ್ದೇನೆ. ಅವರು ಹೇಳಿದ್ದನ್ನು ಇಲ್ಲೇ ಹಾಕುತ್ತೇನೆ.